ಬಾದಾಮಿ ಪ್ಯಾಕೆಟ್ಟಿಗೆ ಬಿಟ್ಟ ಲ್ಯಾಕ್ಟೋಮೀಟರ್

ನಮ್ಮ ಹಸುವಿನ ಹಾಲಿಗೆ ಡೈರಿಯಲ್ಲಿ ಲೀಟರಿಗೆ ಮೂವತ್ತೈದು ರೂಪಾಯಿ. ಮೊಮ್ಮಗಳು ಮೌನಿಕಾ ಕುಡಿಯುತ್ತಿದ್ದ ಬಾದಾಮಿ ಪಾನೀಯಕ್ಕೆ ಇನ್ನೂರ ಎಂಬತ್ತು. ಅವಳಿಗೆ ಹಸುವಿನ ಹಾಲು ಆಗದು. ಒಂದು ಗುಟುಕು ಕುಡಿದರೂ ಮೈಯೆಲ್ಲ ದದ್ದು. ಎರಡೂವರೆ ವರ್ಷದ ಮಗು ಮೂರು ತಿಂಗಳಿಂದ ಹತ್ತು ಕಿಲೋ ನಾನೂರು ಗ್ರಾಂನಲ್ಲೇ ನಿಂತಿತ್ತು. ತೂಕ ಏರದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದಿದ್ದರು ಗೌರಿಬಿದನೂರಿನ ಡಾಕ್ಟರು.

ಬಾದಾಮಿಗೆ ಒಪ್ಪಿಗೆ ಕೊಟ್ಟವಳು ನಾನೇ. ತೊಂಡೇಬಾವಿ ಹತ್ತಿರದ ನಮ್ಮೂರ ಡೈರಿಯಲ್ಲಿ ಹದಿನೆಂಟು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಮೊದಲ ಪ್ಯಾಕೆಟ್ ಬಂದ ದಿನ ಅದನ್ನು ಜಾಡಿಗೆ ಸುರಿದು, ಹಾಲಿಗೆ ನೀರು ಬೆರೆತಿದೆಯೇ ಎಂದು ಅಳೆಯುವ ಲ್ಯಾಕ್ಟೋಮೀಟರ್ ಬಿಟ್ಟೆ. ಒಳ್ಳೆ ಹಾಲಿನ ಹಾಗೆ ಇಪ್ಪತ್ತಾರು ತೋರಿಸಿತು.

"ಗಟ್ಟಿ ಮಾಲು ಕಣಮ್ಮ, ನೀರಿಲ್ಲ" ಅಂದೆ ಸೊಸೆ ತನುಜಳಿಗೆ.

ಮೊನ್ನೆ ಬೇಸಿಗೆಯ ಒಂದು ಬೆಳಗ್ಗೆ ನಮ್ಮೂರ ಕೋನಪ್ಪ ಡೈರಿಗೆ ತಂದ ಹಾಲು ಇಪ್ಪತ್ತೆಂಟು ತೋರಿಸಿತು. ಆದರೆ ಬಣ್ಣ ತೆಳು. ನಾಲಿಗೆಗೆ ಇಟ್ಟುಕೊಂಡೆ.

"ಏನಪ್ಪಾ ಕೋನಪ್ಪ, ಹಸೂಗೆ ಪಾಯಸ ಕುಡಿಸ್ತೀಯಾ?"

"ಇಲ್ಲ ಅಕ್ಕಯ್ಯಮ್ಮ, ಕಬ್ಬಿನ ಸೋಗೆ ತಿಂದೈತೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನೀರು ಬೆರೆಸಿದ ಹಾಲಿಗೆ ಸಕ್ಕರೆ ಹಾಕಿದರೆ ಲ್ಯಾಕ್ಟೋಮೀಟರ್ ಮೇಲಕ್ಕೇಳುತ್ತದೆ. ಊರಿಗೆಲ್ಲ ಇದನ್ನು ಹಿಡಿದುಕೊಡುವ ನಾನು ಮನೆಯಲ್ಲಿ ಬಾದಾಮಿ ಪ್ಯಾಕೆಟ್ಟಿನ ಸಕ್ಕರೆಗೆ ಹಾಗೇ ಮೋಸಹೋಗಿದ್ದೆ.

ಮನೆಗೆ ಬಂದವಳೇ ತನುಜಳ ಕೈಲಿ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿಸಿದೆ. ನೂರು ಮಿಲೀಗೆ ಪ್ರೋಟೀನ್ ಅರ್ಧ ಗ್ರಾಂ, ಮೇಲೆ ಹಾಕಿದ ಸಕ್ಕರೆ ಏಳು ಗ್ರಾಂ.

"ಹಸುವಿನ ಹಾಲಲ್ಲಿ ಪ್ರೋಟೀನ್ ಮೂರು ಗ್ರಾಂ ಮೇಲಿರುತ್ತೆ ಅತ್ತೆ. ಬಾದಾಮೀನ ನೀರಿಗೆ ತೋರಿಸಿ ತೆಗ್ದವ್ರೆ!"

ಮಗ ಚಲಪತಿ ಚಿಕ್ಕಬಳ್ಳಾಪುರದಿಂದ ಓಟ್ಸಿನದೊಂದು, ಸೋಯಾದೊಂದು ತಂದ. ಓಟ್ಸಿನದರಲ್ಲಿ ಪ್ರೋಟೀನ್ ಒಂದೇ ಗ್ರಾಂ, ಕ್ಯಾಲ್ಸಿಯಂ ಸೇರಿಸಿರಲಿಲ್ಲ. ಸೋಯಾದಲ್ಲಿ ಪ್ರೋಟೀನ್ ಮೂರು ಗ್ರಾಂ, ಸೇರಿಸಿದ ಕ್ಯಾಲ್ಸಿಯಂ ಹಾಲಿನಷ್ಟೇ ನೂರಿಪ್ಪತ್ತು ಮಿಲಿಗ್ರಾಂ, ಮೇಲೆ ಹಾಕಿದ ಸಕ್ಕರೆ ಸೊನ್ನೆ. ಲೀಟರಿಗೆ ನೂರಾ ಅರವತ್ತು.

ಕೆಲವು ಮಕ್ಕಳಿಗೆ ಸೋಯಾನೂ ಆಗದು ಎಂದು ಡಾಕ್ಟರು ತಮ್ಮೆದುರೇ ಮೊದಲು ಚಮಚದಲ್ಲಿ ಕೊಡಿಸಿದರು. ದದ್ದು ಏಳಲಿಲ್ಲ. "ಚೆನ್ನಾಗಿ ಅಲ್ಲಾಡಿಸಿ ಕೊಡಿ, ಕ್ಯಾಲ್ಸಿಯಂ ತಳದಲ್ಲಿ ಕೂರುತ್ತೆ. ಬೇಳೆ, ರಾಗಿ, ಮೊಟ್ಟೆನೂ ಬಿಡಬೇಡಿ" ಅಂದರು.

ಮೌನಿಕಾ ಮೊದಲ ಲೋಟಕ್ಕೆ ಮುಖ ಕಿವುಚಿದಳು. "ಸಿಹಿ ಇಲ್ಲ ಅಜ್ಜಿ!"

"ಅದಕ್ಕೇ ಕೊಡ್ತಿರೋದು ಕಣಮ್ಮ, ಕುಡಿ."

ನಾಲ್ಕನೇ ದಿನ ತಾನೇ ಲೋಟ ಹಿಡಿದು ಬಂದಳು.

ಮೂರು ತಿಂಗಳ ಮೇಲೆ ಅಂಗನವಾಡಿಯ ತಕ್ಕಡಿಯಲ್ಲಿ ಕೂರಿಸಿದೆವು. ತನುಜ ಕಣ್ಣು ಮುಚ್ಚಿಕೊಂಡಿದ್ದಳು. "ಹನ್ನೊಂದು ಮುನ್ನೂರು!" ಎಂದು ಟೀಚರ್ ಕೂಗಿದ ದನಿ ಬೀದಿಗೆ ಕೇಳಿಸಿತು. ನನ್ನ ಕಣ್ಣು ತೆರೆಸಿದ್ದು ಅವನ ಸಿಹಿ ಹಾಲೇ ಎಂದು, ಅಲ್ಲಿ ಹೋಗುತ್ತಿದ್ದ ಕೋನಪ್ಪನನ್ನೂ ಕರೆದು ಬೆಲ್ಲ ಕೊಟ್ಟೆ.

ಆಸ್ಪತ್ರೆಗೆ ಸೇರಿಸುವ ಮಾತು ನಿಂತಿತು. ಮಗುವಿನ ಮೈಗೆ ಒಂಬೈನೂರು ಗ್ರಾಂ ಬಂತು. ಹೋದದ್ದು, ಎಲ್ಲವನ್ನೂ ಲ್ಯಾಕ್ಟೋಮೀಟರ್ ಹೇಳುತ್ತದೆ ಎಂಬ ನನ್ನ ಜಂಬ.