ಇಪ್ಪತ್ತೆರಡು ಮೂಟೆ

ಕಿಬ್ಬನಹಳ್ಳಿಯ ಹತ್ತಿರ ತೆಂಗು ಬೆಳೆಗಾರರ ಸಂಘವೊಂದು ಕೊಬ್ಬರಿ ಷೆಡ್ಡು ಕಟ್ಟಿಸುತ್ತಿದ್ದ ವರ್ಷ ಅದು, ಎಂಬತ್ತನಾಲ್ಕು. ಇಪ್ಪತ್ತನಾಲ್ಕು ಉಕ್ಕಿನ ಕಂಬ, ಪಡುವಲಿಗೆ ಹನ್ನೆರಡು, ಮೂಡಲಿಗೆ ಹನ್ನೆರಡು. ಮೇಲೆ ತಗಡಿನ ಸೂರು. ಗೋಡೆಯಿಲ್ಲ, ಗಾಳಿ ಆಡಬೇಕಲ್ಲ, ಕೊಬ್ಬರಿಗೆ. ಕಂಟ್ರಾಕ್ಟರ್ ಮಲ್ಲಿಕಾರ್ಜುನಯ್ಯನ ಕಡೆಯಿಂದ ಆ ಕೆಲಸದ ಮೇಲೆ ನಿಂತವನು ಓವರ್‌ಸಿಯರ್ ಶ್ರೀರಂಗಯ್ಯ. ಐವತ್ತೆರಡು ವರ್ಷ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಒಂದು ಸೇತುವೆ, ಮೂರು ಸ್ಕೂಲು, ಲೆಕ್ಕವಿಲ್ಲದಷ್ಟು ಗೋದಾಮು ಕಟ್ಟಿಸಿದ್ದ. ಒಂದರಲ್ಲೂ ಬಿರುಕು ಬಿಟ್ಟಿರಲಿಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಿಕೊಂಡವನಲ್ಲ, ಆದರೆ ಮನಸ್ಸಿನಲ್ಲಿ ಇತ್ತು.

ಉಕ್ಕಿನ ಕಂಬ ನೇರವಾಗಿ ಕಾಂಕ್ರೀಟಿನ ಮೇಲೆ ಕೂರುವುದಿಲ್ಲ. ಕಂಬದ ಬುಡಕ್ಕೆ ಒಂದು ದಪ್ಪ ಕಬ್ಬಿಣದ ತಟ್ಟೆ ಬೆಸೆದಿರುತ್ತಾರೆ. ಆ ತಟ್ಟೆಯನ್ನು ಕಾಂಕ್ರೀಟ್ ಪೀಠದಿಂದ ಎರಡಂಗುಲ ಮೇಲಕ್ಕೆ, ಕಬ್ಬಿಣದ ಬಿಲ್ಲೆಗಳ ಮೇಲೆ ಕೂರಿಸಿ, ಕಂಬವನ್ನು ತೂಗುಗುಂಡಿನ ದಾರಕ್ಕೆ ಸರಿಯಾಗಿ ನಿಲ್ಲಿಸಿ, ಆಮೇಲೆ ಆ ಸಂದಿಗೆ ಗಾರೆ ಸುರಿಯಬೇಕು. ಮಾಮೂಲಿ ಗಾರೆಯಲ್ಲ. ಮಾಮೂಲಿಯದು ಒಣಗುತ್ತ ಕುಗ್ಗುತ್ತದೆ. ತಟ್ಟೆಗೂ ಅದಕ್ಕೂ ನಡುವೆ ಪೊಳ್ಳು ಬೀಳುತ್ತದೆ. ಕುಗ್ಗದ ಗಾರೆಯೆಂದೇ ಬೇರೆ ಬರುತ್ತದೆ, ಇಪ್ಪತ್ತೈದು ಕೆ.ಜಿ. ಮೂಟೆಯಲ್ಲಿ. ಆಗ ಅದು ಬೊಂಬಾಯಿಯಿಂದಲೇ ಬರಬೇಕಾಗಿತ್ತು. ಕೂಲಿಯವರು ಅದನ್ನು ಬೊಂಬಾಯಿ ಗಾರೆ ಎನ್ನುತ್ತಿದ್ದರು.

ಶ್ರೀರಂಗಯ್ಯ ಅದರ ಲೆಕ್ಕ ಹಾಕಿದ್ದು ಕೆಲಸ ಶುರುವಾಗುವ ಮೊದಲೇ. ಒಂದು ತಟ್ಟೆಯಡಿಗೆ ಹತ್ತು ಲೀಟರ್. ಇಪ್ಪತ್ತನಾಲ್ಕಕ್ಕೆ ಇನ್ನೂರ ನಲವತ್ತು. ಒಂದು ಮೂಟೆ ಕಲಸಿದರೆ ಹನ್ನೆರಡೂವರೆ ಲೀಟರ್ ಆಗುತ್ತದೆ. ಇಪ್ಪತ್ತು ಮೂಟೆ, ಚೆಲ್ಲಿಹೋಗುವುದಕ್ಕೆಂದು ಇನ್ನೆರಡು. ಇಪ್ಪತ್ತೆರಡು ಎಂದು ಬರೆದು ಕಳಿಸಿದ. ಎರಡೂವರೆ ತಿಂಗಳ ಮೇಲೆ ಲಾರಿಯಲ್ಲಿ ಇಪ್ಪತ್ತೆರಡು ಮೂಟೆ ಬಂದು ಇಳಿದವು.

ಮೂಟೆ ಬಂದ ವಾರಕ್ಕೆ ಕಂಬಗಳೆಲ್ಲ ನಿಂತವು, ಹಗ್ಗದ ಬಿಗಿತದಲ್ಲಿ. ಗಾರೆ ಸುರಿಯುವ ಮುನ್ನ ಪೀಠವನ್ನು ಒಂದು ದಿನ ಪೂರ್ತಿ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಒಣ ಕಾಂಕ್ರೀಟು ಗಾರೆಯ ನೀರನ್ನು ಹೀರಿಬಿಡುತ್ತದೆ. ಆ ಕೆಲಸ ಕಲ್ಲಮ್ಮನದು. ಗಾರೆ ಮೇಸ್ತ್ರಿ ತಿಪ್ಪಯ್ಯನ ಹೆಂಡತಿ. ಕೆಂಕೆರೆಯವರು ಇಬ್ಬರೂ, ಅವನು ಹೋದಲ್ಲೆಲ್ಲ ಅವಳೂ ನೀರು ಹೊರಲು ಹೋಗುತ್ತಿದ್ದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಮೊದಲನೇ ಕಂಬದ ತಟ್ಟೆಯಡಿ ಬಗ್ಗಿ ನೋಡುತ್ತ ಕೂಗಿದಳು.

"ಸಾಮಿ, ಈ ನಾಕು ಗುಂಡಿಗೇ ಒಂದೂವರೆ ಬಿಂದ್ಗೆ ನೀರು ಹೋಯ್ತು ಕಣ್ರೀ. ಇಷ್ಟೂ ಆ ಬೊಂಬಾಯಿ ಗಾರೇನೇ ತುಂಬ್ಬೇಕಾ?"

"ಹೂಂ, ತುಂಬ್ಬೇಕು."

"ಅಷ್ಟು ಮೂಟೆ ಎಲ್ಲೈತೆ?"

ಶ್ರೀರಂಗಯ್ಯ ನಕ್ಕ. ನಕ್ಕವನ ನಗೆ ಅರ್ಧದಲ್ಲೇ ನಿಂತಿತು.

ಆಫೀಸಾಗಿದ್ದ ತಗಡಿನ ಗುಡಿಸಲಿಗೆ ಹೋಗಿ ಡ್ರಾಯಿಂಗ್ ಹರಡಿದ. ಮೊದಲಿನ ಡ್ರಾಯಿಂಗಿನಲ್ಲಿ ಬೋಲ್ಟುಗಳನ್ನು ಪೀಠದ ಕಾಂಕ್ರೀಟು ಹಾಕುವಾಗಲೇ ಹೂಳಬೇಕೆಂದಿತ್ತು. ಹಾಗಾದರೆ ಗಾರೆ ತಟ್ಟೆಯಡಿಗೆ ಮಾತ್ರ. ಆಮೇಲೆ ಬೆಂಗಳೂರಿನಿಂದ ತಿದ್ದುಪಡಿ ಬಂತು: ಪೀಠದಲ್ಲಿ ನಾಲ್ಕು ಗುಂಡಿ ಬಿಡಿ, ಬೋಲ್ಟುಗಳನ್ನು ಕಂಬದ ಜೊತೆಗೇ ಇಳಿಬಿಟ್ಟು ಆಮೇಲೆ ಗುಂಡಿ ತುಂಬಿಸಿ ಎಂದು. ಅವನು ಅಚ್ಚಿನ ಹಲಗೆಯ ಲೆಕ್ಕ ತಿದ್ದಿದ, ಕಬ್ಬಿಣದ ಲೆಕ್ಕ ತಿದ್ದಿದ, ಕಾಂಕ್ರೀಟಿನ ಲೆಕ್ಕ ಕಡಿಮೆ ಮಾಡಿದ. ಮೂಟೆಯ ಲೆಕ್ಕ ಮಾತ್ರ ಹಾಗೇ ಉಳಿದುಬಿಟ್ಟಿತ್ತು.

ಒಂದೊಂದು ಗುಂಡಿ ನಾಲ್ಕಂಗುಲ ಚೌಕ, ಇಪ್ಪತ್ತಂಗುಲ ಆಳ. ಐದು ಲೀಟರ್. ನಾಲ್ಕಕ್ಕೆ ಇಪ್ಪತ್ತು. ಬೋಲ್ಟುಗಳು ತಿನ್ನುವ ಜಾಗ ಕಳೆದರೂ ಹತ್ತೊಂಬತ್ತು. ಅಂದರೆ ತಟ್ಟೆಯಡಿಗೆ ಹೋಗುವುದರ ಎರಡರಷ್ಟು ಗುಂಡಿಗಳಿಗೇ ಬೇಕು. ಚೆಲ್ಲಿಹೋಗುವುದೂ ಸೇರಿ ಬೇಕಿದ್ದದ್ದು ಅರವತ್ತೆರಡು ಮೂಟೆ. ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದ.

ಮಲ್ಲಿಕಾರ್ಜುನಯ್ಯ ಮಧ್ಯಾಹ್ನ ಜೀಪಿನಲ್ಲಿ ಬಂದಾಗ ಮುಚ್ಚಿಡದೆ ಹೇಳಿದ.

"ಇನ್ನು ನಲವತ್ತು ಮೂಟೆ ತರಿಸ್ಬೇಕು. ಅಲ್ಲೀತನಕ ಸೂರು ಹಾಕೋದು ಬೇಡಿ. ಕಂಬ ಹಗ್ಗದಲ್ಲೇ ನಿಂತಿರ್ಲಿ."

"ಇನ್ನೂ ಎರಡೂವರೆ ತಿಂಗಳಾ? ಸೋಮವಾರ ತಗಡಿನವರು ಬತ್ತಾರೆ ಕಣ್ರೀ. ಸಂಕ್ರಾಂತಿಗೆ ಉದ್ಘಾಟನೆ, ಮಂತ್ರಿಗಳ ತಾರೀಖು ಆಗೈತೆ."

"ಮಾಮೂಲಿ ಗಾರೆ ಕುಗ್ಗಿ ಗುಂಡಿಯ ಪಕ್ಕ ಬಿಟ್ಟರೆ ಬೋಲ್ಟು ಹಿಡಿಯಲ್ಲ, ಸ್ವಾಮಿ. ಗೋಡೆಯಿಲ್ಲದ ಷೆಡ್ಡು. ಗಾಳಿ ಒಳಗೆ ನುಗ್ಗಿದರೆ ಸೂರನ್ನ ಮೇಲಕ್ಕೆ ಎತ್ತುತ್ತೆ. ಆ ಎಳೆತವೆಲ್ಲ ಬೋಲ್ಟಿನ ಮೇಲೇ ಬೀಳೋದು."

ಮಲ್ಲಿಕಾರ್ಜುನಯ್ಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಬರ್ಕೊಡಿ. ಲೆಕ್ಕ ನಾನು ತಪ್ಪು ಹಾಕ್ದೆ, ಅದಕ್ಕೆ ಕೆಲಸ ನಿಂತಿದೆ ಅಂತ. ಸಂಘದವರ ಮುಂದೆ ಇಟ್ಟು ವಾಯಿದೆ ಕೇಳ್ತೀನಿ. ಬರೆಯೋಕೆ ಆಗಲ್ವಾ, ಗುಂಡಿಗೆ ಸಿಮೆಂಟು ಮರಳು ಸುರೀರಿ. ಲೋಕದಲ್ಲಿ ಎಷ್ಟು ಷೆಡ್ಡು ಹಂಗೇ ನಿಂತಿಲ್ಲ?"

ಹಾಳೆ ಸಂಜೆಯವರೆಗೂ ಅಲ್ಲೇ ಇತ್ತು. ಶ್ರೀರಂಗಯ್ಯ ಎರಡು ಸಲ ಪೆನ್ನಿನ ಮುಚ್ಚಳ ತೆಗೆದ. ಇಪ್ಪತ್ತೆಂಟು ವರ್ಷ ಕಣ್ಣಮುಂದೆ ಬಂತು. ಸಂಘದ ಯಜಮಾನರು ಆ ಕಾಗದವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಕಂಡಿತು. ಬರೆಯಲಿಲ್ಲ.

ಬದಲಿಗೆ ತನಗೆ ತಾನೇ ಒಂದು ಸಮಾಧಾನ ಕಟ್ಟಿಕೊಂಡ. ಇಪ್ಪತ್ತೆರಡು ಮೂಟೆಯಲ್ಲಿ ಒಂಬತ್ತು ಕಂಬಗಳಿಗೆ ಗುಂಡಿ, ತಟ್ಟೆಯಡಿ ಎರಡೂ ಸರಿಯಾಗಿ ತುಂಬಬಹುದು. ಈ ಬಯಲಿನಲ್ಲಿ ಗಾಳಿ ಬೀಸುವುದು ಪಡುವಲಿಂದ. ಪಡುವಲ ಸಾಲಿನ ಒಂಬತ್ತು ಭದ್ರವಾದರೆ ಮಿಕ್ಕಿದ್ದನ್ನು ಅವೇ ಹಿಡಿದು ನಿಲ್ಲಿಸುತ್ತವೆ. ಹೀಗೆಂದು ಎಲ್ಲೂ ಓದಿರಲಿಲ್ಲ, ಯಾರೂ ಹೇಳಿರಲಿಲ್ಲ.

ಆ ಒಂಬತ್ತನ್ನು ದೇವರ ಕೆಲಸದಂತೆ ಮಾಡಿಸಿದ. ಗುಂಡಿಯ ನೀರನ್ನು ಬಟ್ಟೆಯಿಂದ ಹಿಂಡಿ ತೆಗೆಸಿದ. ಗಾರೆಯ ನೀರನ್ನು ಅಳೆದು ಹಾಕಿಸಿದ. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಒಂದೇ ಪಕ್ಕದಿಂದ, ಇನ್ನೊಂದು ಪಕ್ಕಕ್ಕೆ ಉಕ್ಕಿ ಬರುವವರೆಗೆ ನಿಲ್ಲಿಸದೆ ಸುರಿಸಿದ.

ಮಿಕ್ಕ ಹದಿನೈದಕ್ಕೆ ತಿಪ್ಪಯ್ಯ ಸಿಮೆಂಟು ಮರಳು ಕಲಸಿದ. ಗಟ್ಟಿಯಾಗಿ ಕಲಸಿದರೆ ತಟ್ಟೆಯಡಿ ಹರಿಯುವುದಿಲ್ಲ, ಗುಂಡಿಗೆ ಇಳಿಯುವುದಿಲ್ಲ.

"ಇನ್ನೊಸಿ ನೀರು ಬುಡ್ಲಾ ಸಾಮಿ?" ಎಂದು ಕೇಳಿದ.

ಶ್ರೀರಂಗಯ್ಯ ಬೇರೆ ಕಡೆ ನೋಡುತ್ತ, "ಬುಡು," ಎಂದ.

ಸುರಿದು ಗಳಿಗೆಯಾಗುವುದರಲ್ಲಿ ತಟ್ಟೆಯ ಅಂಚಿನಲ್ಲಿ ತಿಳಿನೀರು ಮೇಲಕ್ಕೆ ಬಂದು ನಿಂತಿತು. ಗಾರೆ ಕೆಳಗೆ ಕೂರುತ್ತಿದೆ ಎಂದು ಅದರ ಅರ್ಥ. ಇಬ್ಬರೂ ನೋಡಿದರು.

ಒಂದು ತಿಂಗಳು ಬಿಟ್ಟು, ಸೂರು ಹಾಕಿ ಮಂತ್ರಿಗಳು ಬಂದು ಹೋದ ಮೇಲೆ, ಶ್ರೀರಂಗಯ್ಯ ಒಬ್ಬನೇ ಸುತ್ತಿಗೆ ಹಿಡಿದು ಬಂದ. ಒಂಬತ್ತು ತಟ್ಟೆಗಳು ಬಂಡೆಯ ಹಾಗೆ ಸದ್ದು ಕೊಟ್ಟವು. ಹತ್ತನೆಯದು ಪೊಳ್ಳಾಗಿ ಗುಂಯ್ ಎಂದಿತು. ಹನ್ನೊಂದನೆಯದೂ. ಆ ಹೊತ್ತಿಗೆ ಕಲ್ಲಮ್ಮ ಅಲ್ಲೇ ಕೊಬ್ಬರಿ ಆರಿಸುವ ಕೆಲಸಕ್ಕೆ ಸೇರಿಕೊಂಡಿದ್ದಳು. ಕುಕ್ಕೆ ಕಂಕುಳಲ್ಲಿಟ್ಟುಕೊಂಡು ನಿಂತು ಕೇಳಿದಳು.

"ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬುಟ್ಟಿರೋ ಕಾಯಿ ಇದ್ದಂಗೈತಲ್ಲ ಸಾಮಿ, ಸದ್ದು?"

"ಏನಿಲ್ಲ ಕಣಮ್ಮ, ಹೋಗು."

ಅವಳು ಹೋದ ಮೇಲೆ ಮೂಡಲ ಸಾಲಿನ ಒಂದು ನಟ್ಟಿಗೆ ಪಾನಾ ಹಾಕಿ ತಿರುಗಿಸಿದ. ಬಿಗಿಯಾಗಿ ನಿಲ್ಲಬೇಕಿದ್ದ ನಟ್ಟು ತಿರುಗುತ್ತಲೇ ಹೋಯಿತು. ಬೋಲ್ಟು ಉಗುರಿನಷ್ಟು ಮೇಲೆದ್ದಿತ್ತು. ಪಾನಾ ತೆಗೆದುಬಿಟ್ಟ. ಆ ವಾರವೇ ಮಲ್ಲಿಕಾರ್ಜುನಯ್ಯನಿಗೆ ಕಾಗದ ಬರೆದ, ಆ ಹದಿನೈದನ್ನೂ ಒಡೆದು ಮತ್ತೆ ತುಂಬಬೇಕು ಎಂದು. ಉತ್ತರ ಬರಲಿಲ್ಲ. ಇನ್ನೊಂದು ಬರೆದ. ಸಂಘಕ್ಕೆ ಬರೆಯಲಿಲ್ಲ. ಅಷ್ಟರಲ್ಲಿ ಅವನನ್ನು ತುರುವೇಕೆರೆ ಕಡೆಯ ಕೆಲಸಕ್ಕೆ ಹಾಕಿದರು. ಹೋದ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಮುಗಿಲು ಕಪ್ಪಾಯಿತು. ಆ ದಿನ ಗಾಳಿ ಬಂದದ್ದು ಮೂಡಲಿಂದ. ಆಲಿಕಲ್ಲು ಬಿದ್ದಾಗ ಹೊರಗೆ ಕಾಯಿ ಸುಲಿಯುತ್ತಿದ್ದವರು, ಕೊಬ್ಬರಿ ಆರಿಸುತ್ತಿದ್ದ ಹೆಂಗಸರು ಎಲ್ಲರೂ ಷೆಡ್ಡಿನೊಳಕ್ಕೆ ಓಡಿದರು. ಮೂಡಲ ಸಾಲಿನ ಹನ್ನೆರಡು ಕಂಬವೂ, ಪಡುವಲ ಸಾಲಿನ ಕೊನೆಯ ಮೂರೂ ಬುಡಸಮೇತ ಎದ್ದವು. ಪಡುವಲ ಸಾಲಿನ ಒಂಬತ್ತರ ಬುಡ ಅಲುಗಲಿಲ್ಲ. ಅವು ನಿಂತಲ್ಲೇ ಬಾಗಿದವು; ಸೂರು ಅವುಗಳ ಕಡೆಗೆ ಮಡಿಸಿಕೊಂಡು ಕೆಳಗೆ ಬಿತ್ತು. ಮೂವರು ಸತ್ತರು. ಅವರಲ್ಲಿ ಕಲ್ಲಮ್ಮ ಒಬ್ಬಳು.

ಶ್ರೀರಂಗಯ್ಯ ಮಾರನೆಯ ದಿನ ಬಂದು ನೋಡಿದ. ಮೂಡಲ ಪೀಠಗಳಲ್ಲಿ ಚೌಕದ ಗುಂಡಿಗಳು ಖಾಲಿ ಇದ್ದವು, ಅಚ್ಚಿನ ಹಲಗೆ ಬಿಟ್ಟ ನುಣುಪು ಹಾಗೇ ಕಾಣುತ್ತಿತ್ತು. ಗುಂಡಿಯಲ್ಲಿದ್ದ ಗಾರೆ ಬೋಲ್ಟಿಗೆ ಅಂಟಿಕೊಂಡೇ ಅಚ್ಚಿನಿಂದ ಕಳಚಿದ ಹಾಗೆ ಆಚೆ ಬಂದಿತ್ತು. ಒಂದು ಗುಂಡಿಯೊಳಕ್ಕೆ ಕೈ ಇಳಿಬಿಟ್ಟ. ಮೊಣಕೈ ದಾಟಿತು.

ಈ ಸಲ ಬರೆದ. ನಾಲ್ಕು ಹಾಳೆ, ಒಂದೊಂದು ಲೀಟರನ್ನೂ ಬಿಡದೆ. ವಿಚಾರಣೆಗೆ ಬಂದಿದ್ದ ಅಧಿಕಾರಿಗೆ ಟ್ರಾವೆಲರ್ಸ್ ಬಂಗಲೆಯಲ್ಲಿ ಕೊಟ್ಟ. ಅವರು ಪೂರ್ತಿ ಓದಿದರು. ಓದಿ ಮಡಿಚಿ ವಾಪಸ್ಸು ಚಾಚಿದರು.

"ರಿಪೋರ್ಟು ಹೋಗಿದೆ ಶ್ರೀರಂಗಯ್ಯನೋರೇ. ಅಸಾಧಾರಣ ಬಿರುಗಾಳಿ ಅಂತ. ಹಾಗಿದ್ದರೆ ಸತ್ತವರ ಮನೆಗೆ ಪರಿಹಾರ ಬೇಗ ಸಿಗುತ್ತೆ. ನಿಮ್ಮದನ್ನ ಸೇರಿಸಿದ್ರೆ ಕೇಸಾಗುತ್ತೆ, ಹತ್ತು ವರ್ಷ ಎಳೀತಾರೆ. ಆ ಮಕ್ಕಳಿಗೆ ಯಾವುದು ಬೇಕು, ನೀವೇ ಹೇಳಿ."

ಶ್ರೀರಂಗಯ್ಯ ಹಾಳೆಗಳನ್ನು ಜೇಬಿಗೆ ಹಾಕಿಕೊಂಡು ಹುಳಿಯಾರಿನ ಬಸ್ಸು ಹತ್ತಿದ.

ಕೆಂಕೆರೆಯಲ್ಲಿ ತಿಪ್ಪಯ್ಯ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ಎದ್ದು ನಿಲ್ಲಲು ಹೋದ; ಶ್ರೀರಂಗಯ್ಯ ಭುಜ ಹಿಡಿದು ಕೂರಿಸಿ ತಾನೂ ನೆಲದ ಮೇಲೆ ಕೂತ. ಇದ್ದದ್ದನ್ನೆಲ್ಲ ಹೇಳಿದ. ಡ್ರಾಯಿಂಗ್ ಬದಲಾದದ್ದು, ತಾನು ಗುಂಡಿಗಳನ್ನು ಮರೆತದ್ದು, ಅರವತ್ತೆರಡರ ಜಾಗದಲ್ಲಿ ಇಪ್ಪತ್ತೆರಡು ತರಿಸಿದ್ದು, ಬಿಳಿ ಹಾಳೆ.

"ತಪ್ಪು ನಂದು ತಿಪ್ಪಯ್ಯ. ನಿಂದಲ್ಲ. ಅದನ್ನ ಹೇಳೋಕೇ ಬಂದೆ."

ತಿಪ್ಪಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ. ಸಿಮೆಂಟು ತಿಂದು ಬೆರಳ ತುದಿಗಳು ಸವೆದಿದ್ದವು.

"ಲೆಕ್ಕ ನಂಗೇನು ಗೊತ್ತಾಯ್ತದೆ ಸಾಮಿ. ಕಲ್ಸಿದ್ದು ನಾನು. ನೀರು ಜಾಸ್ತಿ ಆಯ್ತು ಅಂತ ಕೈಗೆ ಗೊತ್ತಾಗಿತ್ತು. ಮೂವತ್ತು ವರ್ಷದ ಕೈಯಿ. ಗೊತ್ತಾಗ್ದೆ ಇರ್ತದಾ?"

"ಬುಡು ಅಂದಿದ್ದು ನಾನಲ್ವಾ?"

"ನೀವು ಅಂದ್ರಿ. ಸುರಿದಿದ್ದು ನಾನು. ಅವಳ್ನೇ ಕರ್ದು ನೀರು ತಗೊಂಬಾರೇ ಅಂದೆ. ತಂದ್ಕೊಟ್ಲು."

ಶ್ರೀರಂಗಯ್ಯ ಮತ್ತೆ ಮೊದಲಿಂದ ಹೇಳಲು ಬಾಯಿ ತೆರೆದ. ತಟ್ಟೆಯಡಿಗೆ ಹತ್ತು, ಗುಂಡಿಗಳಿಗೆ ಹತ್ತೊಂಬತ್ತು. ಆ ಅಂಕಿಗಳಲ್ಲಿ ತಿಪ್ಪಯ್ಯನ ತಪ್ಪು ಒಂದು ಲೀಟರೂ ಇರಲಿಲ್ಲ. ಆದರೆ ತಿಪ್ಪಯ್ಯ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಕಣ್ಣು ಇನ್ನೂ ಅಂಗೈಯಲ್ಲೇ ಇತ್ತು. ತಿಪ್ಪಯ್ಯನ ತಲೆಯ ಮೇಲಿನ ತಪ್ಪನ್ನು ಇಳಿಸಲು ಬಂದ ಶ್ರೀರಂಗಯ್ಯನಿಗೆ ತನ್ನದನ್ನೂ ಇಳಿಸಲಾಗಲಿಲ್ಲ.

"ಹೊತ್ತಾಯ್ತು, ಹೊರಡಿ ಸಾಮಿ," ಎಂದ ತಿಪ್ಪಯ್ಯ ಕೊನೆಗೆ, ಮೆತ್ತಗೆ. "ಬಸ್ಸು ತಪ್ಪೋಯ್ತದೆ."

ಶ್ರೀರಂಗಯ್ಯ ಎದ್ದು ನಡೆದ. ತೋಟದ ದಾರಿಯಲ್ಲಿ ಯಾರೋ ಕಾಯಿ ಕೆಡವುತ್ತಿದ್ದರು. ಸರಿದು ನಿಲ್ಲಿ ಎಂದು ಮರದ ಮೇಲಿಂದ ಕೂಗಿದರು. ಅವನಿಗೆ ಕೇಳಿಸಿತು. ಸರಿಯಬೇಕೆಂದು ಅನ್ನಿಸಲಿಲ್ಲ.