ಇಬ್ಬರಿಗೂ ಬೇಡ ಎನ್ನುವ ದಾರಿ

ಉತ್ತರ ಹತ್ತೇ ನಿಮಿಷದಲ್ಲಿ ಬಂದದ್ದು ಸೂಗಮ್ಮನಿಗೆ ಸರಿ ಕಾಣಲಿಲ್ಲ.

ಕಮಲಾಪುರದ ಖಮರುದ್ದೀನ್ ಸರ್ ಅವರಿಂದ ಯಾವ ಮೇಲ್‌ಗೂ ಎರಡು ದಿನಕ್ಕೆ ಮೊದಲು ಉತ್ತರ ಬಂದದ್ದಿಲ್ಲ. ಹೈಸ್ಕೂಲಿನಲ್ಲಿ ಉರ್ದು ಕಲಿಸಿ ನಿವೃತ್ತರಾದ ಅವರಿಗೆ ಈಗ ಎಂಬತ್ತೆರಡು, ಕಿವಿ ಪೂರಾ ಮಂದ, ಫೋನ್ ದಂಡ. ನಿಜಾಮರ ಕಾಲದ ಕಚೇರಿಗಳಲ್ಲಿ ಕಾರಕೂನರು ಒಂದಕ್ಕೊಂದು ಕೂಡಿಸಿ ಗೀಚಿದ ಉರ್ದು ಬರಹವನ್ನು ತಡವರಿಸದೆ ಓದುವವರು ಈ ಕಡೆ ಅವರೊಬ್ಬರೇ ಉಳಿದಿದ್ದರು. ಸೂಗಮ್ಮ ಪಿಎಚ್.ಡಿ. ಮಾಡುವಾಗ ವರ್ಷವಿಡೀ ಕಾಗದ ಓದಿಕೊಟ್ಟಿದ್ದರು. ಅವರ ಮೇಲ್ ಯಾವಾಗಲೂ ‘ಬೇಟಿ ಸೂಗಮ್ಮ’ ಎಂದೇ ಶುರುವಾಗುತ್ತಿತ್ತು.

ಇದರಲ್ಲಿ ಇದ್ದದ್ದು ಒಂದೇ ಸಾಲು: ‘ಓಕೆ ಮೇಡಂ, ಅವರಿಗೆ ಮೇಲ್ ಐಡಿ ಕೊಡಿ.’

ಜೇವರ್ಗಿ ಕಾಲೋನಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಆಕೆ ತಾನು ಕಳಿಸಿದ್ದನ್ನು ಮತ್ತೊಮ್ಮೆ ಓದಿದಳು. ಕುಸನೂರಿನಲ್ಲಿರುವ ಜಗದೇವಪ್ಪ ಎಂಬವರು ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ವರ್ಷಗಳ ದಾಖಲೆಗಳನ್ನು ಪುಸ್ತಕವಾಗಿ ಸಂಪಾದಿಸುತ್ತಿದ್ದಾರೆ. ತೀರಿಹೋದ ಒಬ್ಬ ವಕೀಲರ ಮನೆಯಿಂದ ಅವರಿಗೊಂದು ಕಟ್ಟು ಸಿಕ್ಕಿದೆ. ಸಾವಿರದ ಒಂಬೈನೂರ ನಲವತ್ತೆಂಟು, ನಲವತ್ತೊಂಬತ್ತರಲ್ಲಿ ಕಮಲಾಪುರದ ಸುತ್ತಿನವರು ಸರ್ಕಾರಕ್ಕೆ ಬರೆದ ಅರ್ಜಿಗಳ ನಕಲುಗಳು, ಸುಮಾರು ಇನ್ನೂರು ಹಾಳೆ, ಎಲ್ಲ ಕೂಡಿಸಿ ಗೀಚಿದ ಉರ್ದು. ಓದಿ ಹೇಳುವವರು ಬೇಕಾಗಿದ್ದಾರೆ. ಕೊನೆಗೆ ಹೀಗೆ ಬರೆದಿದ್ದಳು: ‘ನಿಮ್ಮ ಹೆಸರನ್ನು ಅವರಿಗೆ ಇನ್ನೂ ಹೇಳಿಲ್ಲ. ಬೇಡವೆನಿಸಿದರೆ ಒಂದು ಸಾಲು ಸಾಕು, ಕಾರಣ ಬೇಕಿಲ್ಲ.’

ಆ ಮಾತನ್ನು ಆಕೆ ಸುಮ್ಮನೆ ಬರೆದಿರಲಿಲ್ಲ. ಎದುರು ಬಂದು ನಿಂತವರಿಗೆ ಇಲ್ಲ ಎನ್ನುವುದು ಸರ್‌ಗೆ ಹುಟ್ಟಿನಿಂದಲೇ ಬಾರದು. ಅಪರಿಚಿತರೊಬ್ಬರನ್ನು ಜೊತೆಗಿಟ್ಟು ‘ಇವರು ಇಂಥವರು, ಅವರು ಅಂಥವರು’ ಎಂದು ಒಂದೇ ಮೇಲ್ ಹಾಕಿದರೆ ಅವರಿಗೆ ಅದು ಮನೆಗೆ ಅತಿಥಿ ಬಂದಂತೆಯೇ. ಮನಸ್ಸಿರಲಿ ಬಿಡಲಿ, ಬರ್ರಿ ಕೂಡ್ರಿ ಅನ್ನುತ್ತಾರೆ. ಒಮ್ಮೆ, ಆಕೆಯ ಪಿಎಚ್.ಡಿ. ಕಾಗದಗಳ ನಡುವೆ ನಲವತ್ತೆಂಟರ ಅಕ್ಟೋಬರಿನ ಒಂದು ಹಾಳೆ ಬಂದಾಗ, ಅವರು ಕನ್ನಡಕ ತೆಗೆದಿಟ್ಟು, ಇವತ್ತಿಗೆ ಸಾಕು ಬೇಟಿ, ಎಂದಿದ್ದರು. ಯಾಕೆಂದು ಆಕೆ ಕೇಳಿರಲಿಲ್ಲ.

ಇಬ್ಬರನ್ನೂ ಪರಿಚಯಿಸುವ ಮೇಲ್ ಸಿದ್ಧವಾಗಿಯೇ ಇತ್ತು, ವಿಳಾಸಗಳನ್ನೂ ತುಂಬಿಯಾಗಿತ್ತು. ಬೆರಳು ಕಳಿಸುವ ಗುಂಡಿಯ ಮೇಲೆ ಹೋಗಿ ಹಿಂದೆ ಬಂತು. ಆಕೆ ಎರಡೂ ವಿಳಾಸಗಳನ್ನು ಅಳಿಸಿದಳು. ಅಕಸ್ಮಾತ್ ಕೈ ತಾಗಿದರೂ ಹೋಗಬಾರದು.

ಅಷ್ಟರಲ್ಲಿ ಜಗದೇವಪ್ಪನವರ ಫೋನ್. ಮನುಷ್ಯ ಕೆಟ್ಟವರಲ್ಲ, ಆದರೆ ಅವಸರ. ಅಚ್ಚಿನವರಿಗೆ ಪುಸ್ತಕ ಕೊಡುವ ತಿಂಗಳೂ ಹೇಳಿಬಿಟ್ಟಿದ್ದರು.

“ಹೆಸರೊಂದು ಹೇಳ್ರಿ ಮೇಡಂ, ನಾನೇ ಗಾಡಿ ತಗೊಂಡು ಹೋಗಿ ಮಾತಾಡ್ಕೋತೀನಿ. ನೀವು ನೋಡಿದ್ರ ಗಂಡು ಹೆಣ್ಣು ತೋರ್ಸೋರಂಗ ಇವರ್ನ ಅಲ್ಲಿ, ಅವರ್ನ ಇಲ್ಲಿ ಕೂಡ್ಸಿ ಕೇಳಾಕತ್ತೀರಿ.”

“ಹಂಗೇ ಅನ್ಕೋರಿ,” ಎಂದಳು ಸೂಗಮ್ಮ. “ಅವರು ಹೂಂ ಅನ್ನೋತನಕ ಹೆಸರು ಹೇಳಂಗಿಲ್ರಿ.”

ಅವರು ನಕ್ಕರು. ನಗೆಯಲ್ಲಿ ಸ್ವಲ್ಪ ಬೇಸರವಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿ ಕಮಲಾಪುರದ ಮೇಲೆ ಹಾಯುವ ಹುಮನಾಬಾದ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಹೂಂ ಎಂದದ್ದು ಸರ್ ಅವರೇ ಆಗಿದ್ದರೆ, ಹೋಗಿ ಮತ್ತೆ ಕೇಳುವುದು ಅವರ ಮಾತನ್ನು ಅನುಮಾನಿಸಿದಂತೆ. ಅಲ್ಲದಿದ್ದರೆ? ಕಮಲಾಪುರದಲ್ಲಿಳಿದು, ಕೆಂಪು ಬಾಳೆಯ ಗೊನೆ ತೂಗುಹಾಕಿದ ಅಂಗಡಿಗಳನ್ನು ದಾಟಿ, ಮೊದಲು ಮಂಜೂರನ ಝೆರಾಕ್ಸ್ ಅಂಗಡಿಗೆ ಹೋದಳು. ಮಂಜೂರ್, ಖಮರುದ್ದೀನ್ ಸರ್ ಅವರ ತಮ್ಮನ ಮಗ, ನಲವತ್ತರ ಆಸಾಮಿ. ಸರ್ ಅವರ ಮೇಲ್ ತೆರೆಯುವುದು ಇವನ ಕಂಪ್ಯೂಟರಿನಲ್ಲೇ. ಇವನು ಅಚ್ಚು ತೆಗೆದು ಮನೆಗೆ ಒಯ್ಯುತ್ತಾನೆ, ಅವರು ಹೇಳಿದ್ದನ್ನು ಬಂದು ಟೈಪು ಮಾಡುತ್ತಾನೆ.

“ನನ್ನ ಮೇಲ್ ಸರ್‌ಗ ತೋರ್ಸೀರೇನು?”

ಮಂಜೂರ್ ತಲೆ ಕೆರೆದುಕೊಂಡ. “ಇಲ್ರಿ ಮೇಡಂ. ಮನ್ಯಾಗ ಸುಮ್ನ ಕುಂತಿರ್ತಾರ, ಏನರ ಕೆಲಸ ಸಿಗ್ತದ ಅಂತ ನಾನೇ ಓಕೆ ಹಾಕಿಬಿಟ್ಟೆ. ನೀವು ಹೇಳಿದ್ದು ಅವರು ಎಂದರ ಒಲ್ಲೆ ಅಂದಾರೇನು?”

ಅದಕ್ಕೇ ನನಗೆ ಅಂಜಿಕೆ, ಎಂದು ಹೇಳಬೇಕೆನಿಸಿತು. ಅದರ ಬದಲು ಅವನ ಕೈಯಿಂದಲೇ ಪತ್ರದ ಅಚ್ಚು ತೆಗೆಸಿಕೊಂಡಳು.

ಖಮರುದ್ದೀನ್ ಸರ್ ಅಂಗಳದ ಬೇವಿನ ನೆರಳಿನಲ್ಲಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಮತ್ತೊಮ್ಮೆ ಓದಿದರು. ಸೂಗಮ್ಮ ತನ್ನ ಮುಖದಲ್ಲಿ ಆಸೆ ಕಾಣಬಾರದೆಂದು ನೆಲ ನೋಡುತ್ತ ಕೂತಳು. ಹಾಗೆ ಎದುರು ಕೂತಿರುವುದೇ ಒತ್ತಾಯವೆಂದು ಹೊಳೆದು, ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: ‘ಈಗ ಹೇಳಬೇಡಿ ಸರ್. ನಾನು ಹೋದ ಮೇಲೆ ಬರೆದು ಕಳಿಸಿ.’

ಅವರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

“ನಮ್ಮ ಅಬ್ಬಾ ಸುಂಕದ ನಾಕಾದಾಗ ಕಾರಕೂನ ಇದ್ರು ಬೇಟಿ,” ಎಂದರು. “ಆ ಗಲಾಟೆ ದಿನದಾಗ ಹೊರಗ ಹೋದೋರು ಬರಲಿಲ್ಲ. ಅಮ್ಮಿ ಅರ್ಜಿ ಬರೆಸಿ ಕೊಟ್ಟಿದ್ಲು, ನನ್ ಗಂಡನ್ನ ಹುಡುಕಿ ಕೊಡ್ರಿ ಅಂತ. ಅದು ಈ ಕಟ್ಟಿನ್ಯಾಗ ಇರಬಹುದು. ಇಲ್ಲದೇನೂ ಇರಬಹುದು.”

ಸೂಗಮ್ಮ ನೋಟ್‌ಬುಕ್ ಮುಚ್ಚಿದಳು. ಆ ಮೇಲ್ ಹೋಗಿದ್ದರೆ ಇಷ್ಟು ಹೊತ್ತಿಗೆ ಜಗದೇವಪ್ಪನವರ ಗಾಡಿ ಈ ಅಂಗಳದಲ್ಲಿ ಇರುತ್ತಿತ್ತು. ಸರ್ ಚಹಾ ತರಿಸಿ, ಕಟ್ಟು ಬಿಚ್ಚುತ್ತಿದ್ದರು.

ಸರ್ ಹೋಗಿ ಬಾ ಅಂದರು. ನಾಲ್ಕು ದಿನ ಆಕೆ ಮೇಲ್ ತೆರೆಯುತ್ತ ಮುಚ್ಚುತ್ತ ಕಳೆದಳು. ಐದನೆಯ ದಿನ ಬಂತು. ‘ಬೇಟಿ ಸೂಗಮ್ಮ’ ಎಂದೇ ಶುರುವಾಗಿತ್ತು. ‘ಓದುತ್ತೇನೆ. ಆದರೆ ನನ್ನ ತಾಯಿಯ ಅರ್ಜಿ ಸಿಕ್ಕರೆ ಮೊದಲು ನಾನೊಬ್ಬನೇ ಓದಬೇಕು. ಅಚ್ಚಿಗೆ ಕೊಡುವುದೂ ಬಿಡುವುದೂ ನನ್ನದು. ಇದನ್ನು ಆ ಸಾಹೇಬರಿಗೆ ಮೊದಲೇ ಹೇಳು, ನನ್ನ ಹೆಸರು ಹೇಳಬೇಡ. ಮನೆಯವನೇ ಓದುವುದು ಅವರಿಗೆ ಸರಿ ಬಾರದೆ ಇರಬಹುದು. ಬೇಡ ಅನ್ನುವ ದಾರಿ ನನಗೆ ಇಟ್ಟಂತೆ ಅವರಿಗೂ ಇಡು.’

ಅದು ಆಕೆಗೆ ಹೊಳೆದಿರಲಿಲ್ಲ. ಓದುವವರು ಬೇಕೆಂದು ಕೇಳಿದವರು ಜಗದೇವಪ್ಪ, ಅವರ ಒಪ್ಪಿಗೆ ಇದ್ದೇ ಇದೆ ಎಂದುಕೊಂಡಿದ್ದಳು. ಸರ್ ಅವರ ಮಾತನ್ನು ಹೆಸರಿಲ್ಲದೆ, ಕೂಡಿಸದೆ ಕಳೆಯದೆ, ಜಗದೇವಪ್ಪನವರಿಗೆ ಬೇರೆಯಾಗಿ ಬರೆದಳು. ಬೇಡವಾದರೆ ಅಷ್ಟೇ ತಿಳಿಸಿ, ಅವರಿಗೆ ನಿಮ್ಮ ಕಾರಣ ಮುಟ್ಟಿಸುವುದಿಲ್ಲ ಎಂದೂ ಸೇರಿಸಿದಳು.

ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ ಮನುಷ್ಯ ಪೂರ್ತಿ ಸುಮ್ಮನಾದರು. ಅವರು ಒಲ್ಲೆ ಎಂದರೆ ಸರ್‌ಗೆ ಯಾವ ಮಾತಿನಲ್ಲಿ ಬರೆಯುವುದೆಂದು ಆಕೆ ನಾಲ್ಕು ಬಗೆಯಾಗಿ ಬರೆದು ಹರಿದಳು. ಮೂರನೆಯ ದಿನ ಸಂಜೆ ಉತ್ತರ ಬಂತು. ‘ಈ ಹಾಳೆಗಳಲ್ಲಿರುವವರ ಮಕ್ಕಳು ಇಲ್ಲೇ ಇರಬಹುದೆಂದು ನಾನು ಯೋಚಿಸಿರಲಿಲ್ಲ ಮೇಡಂ. ಅವರ ಎರಡೂ ಮಾತಿಗೆ ಒಪ್ಪಿಗೆ. ಆ ಒಂದು ಹಾಳೆ ಬಿಟ್ಟು ಉಳಿದವನ್ನು ಹೊರಗಿನ ಇನ್ನೊಬ್ಬರೂ, ತಡವರಿಸಿಯಾದರೂ, ಓದಿ ತಾಳೆ ನೋಡಲಿ ಎಂಬುದು ನನ್ನ ಕೋರಿಕೆ. ಅವರು ಒಪ್ಪಿದರೆ ಮಾತ್ರ ಪರಿಚಯಿಸಿ.’

ಅದನ್ನೂ ಆಕೆ ಕಮಲಾಪುರಕ್ಕೆ ಕಳಿಸಿದಳು. ಈ ಸಲ ಮಂಜೂರ್ ಅಚ್ಚು ಒಯ್ದ. ‘ಬೇಟಿ ಸೂಗಮ್ಮ, ಅದೇ ಸರಿ’ ಎಂದು ಉತ್ತರ ಬಂದ ಮೇಲೆಯೇ ಇಬ್ಬರ ವಿಳಾಸವನ್ನೂ ಮತ್ತೆ ತುಂಬಿದಳು. ಇವರು ಯಾರು, ಅವರು ಯಾರು, ಯಾವುದಕ್ಕೆ ಇಬ್ಬರೂ ಒಪ್ಪಿದ್ದಾರೆ, ಇಷ್ಟೇ. ‘ಮುಂದಿನದು ನಿಮ್ಮಿಬ್ಬರದು, ನನ್ನನ್ನು ಸೇರಿಸಬೇಕಾಗಿಲ್ಲ’ ಎಂದು ಮುಗಿಸಿದಳು. ಮೂರು ಸಲ ಓದಿ ಕಳಿಸಿದಳು.

ಜಗದೇವಪ್ಪನವರ ಮೊದಲ ಪತ್ರ ಆಕೆಗೂ ಬಂತು. ಗೌರವದಿಂದ ಬರೆದಿದ್ದರು, ಯಾವಾಗ ಬರಲಿ ಎಂದು ಕೇಳಿದ್ದರು. ಖಮರುದ್ದೀನ್ ಸರ್ ಅವರ ಉತ್ತರ ಬರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಮಂಜೂರನಿಗೆ ಫೋನ್ ಮಾಡಲು ಹೆಸರಿನವರೆಗೂ ಬೆರಳು ಹೋಯಿತು. ಉತ್ತರ ಹೋಗಿರಬಹುದು, ಆಕೆಯ ವಿಳಾಸ ತೆಗೆದು. ಹೋಗದೆಯೂ ಇರಬಹುದು, ಮನಸ್ಸು ಬದಲಿಸಿರಬಹುದು. ಅರ್ಜಿ ಸಿಕ್ಕಿರಬಹುದು. ಮುಂದಿನದು ಅವರಿಬ್ಬರದೆಂದು ಬರೆದವಳು ತಾನೇ.

ಫೋನನ್ನು ಮಗುಚಿಟ್ಟು ಸೂಗಮ್ಮ ತರಗತಿಗೆ ಹೋದಳು.