ಹಳದಿ ಚೀಲದೊಳಗಿನ ಸೂಜಿ

ಬಾಗಲಕೋಟೆಯ ನರ್ಸಿಂಗ್ ಕಾಲೇಜಿನಲ್ಲಿ ಅಂದು ಕಸ ಬೇರ್ಪಡಿಸುವ ಪರೀಕ್ಷೆ. ತಪ್ಪಿದವರಿಗೆ ನಾಳೆ ವಾರ್ಡಿನ ಪಾಳಿ ಇಲ್ಲ. ಹುನಗುಂದದ ಕಡೆಯ ಸೋಮವ್ವ ರಾತ್ರಿಯೆಲ್ಲ ಕೂತು ಬಣ್ಣ ಬಾಯಿಪಾಠ ಮಾಡಿದ್ದಳು. ರಕ್ತ ಹತ್ತಿದ ಹತ್ತಿ ಹಳದಿಗೆ, ಸಲೈನ್ ನಳಿಗೆ ಮತ್ತು ಕೈಗವಸು ಕೆಂಪಿಗೆ, ಗಾಜಿನ ಶೀಶೆ ನೀಲಿಗೆ, ಸೂಜಿ ಬಿಳಿ ಡಬ್ಬಿಗೆ. ಪುಣ್ಯಕ್ಕೆ ಒಂದೂ ಮರೆತಿರಲಿಲ್ಲ.

ಮೇಜಿನ ಮೇಲೆ ರಕ್ತದ ಬದಲು ಕುಂಕುಮದ ನೀರು ಹಚ್ಚಿದ ಅಭ್ಯಾಸದ ಕಸ. ಸಿರಿಂಜಿನ ಸೂಜಿ ಕತ್ತರಿಸುವ ಯಂತ್ರ ಒಂದೇ ಇತ್ತು, ಅದರ ಮುಂದೆ ಉದ್ದ ಸಾಲು. ಸಿರಿಂಜಿನ ಸಮೇತ ಯಂತ್ರಕ್ಕೆ ಹಿಡಿಯಬೇಕಾದ ಸೂಜಿಯನ್ನು ಸೋಮವ್ವ ಕೈಯಿಂದ ಬಿಚ್ಚಿದಳು, ಅದೇ ಮೊದಲ ತಪ್ಪು. ಕಾಯುವಾಗ ಕೈ ತನ್ನಷ್ಟಕ್ಕೆ ಅದನ್ನು ಹತ್ತಿಯ ಉಂಡೆಗೆ ಚುಚ್ಚಿಬಿಟ್ಟಿತು. ಅವಳ ಅವ್ವ ಕೌದಿ ಹೊಲಿಯುವವಳು. ಸೂಜಿ ಯಾರ ಕಾಲಿಗೂ ಹತ್ತಬಾರದೆಂದು ಬಟ್ಟೆಗೆ ಚುಚ್ಚಿಡುವುದನ್ನು ಕೂಸಿದ್ದಾಗಲೇ ಕಲಿಸಿದ್ದಳು. ಅಷ್ಟರಲ್ಲಿ ಹೊತ್ತು ಮುಗಿಯಿತು. ಗಡಿಬಿಡಿಯಲ್ಲಿ ಹತ್ತಿಯುಂಡೆ ಹಳದಿ ಚೀಲಕ್ಕೆ, ಸಿರಿಂಜು ಕೆಂಪಿಗೆ ಹೋಯಿತು.

ಚೀಲ ಒಯ್ಯಲು ಬಂದವಳು ರಂಜಾನಬಿ, ಹತ್ತೊಂಬತ್ತು ವರ್ಷದಿಂದ ವಾರ್ಡಿನ ಕಸ ಹೊರುವವಳು. ದಪ್ಪ ಕೈಗವಸು ತೊಟ್ಟು, ಚೀಲದ ಕುತ್ತಿಗೆ ಹಿಡಿದು, ಮೈಗೆ ತಾಗಿಸದೆ ಎತ್ತಿದಳು. ಕಿಟಕಿಯ ಬೆಳಕಿಗೆ ಒಂದು ಕ್ಷಣ ಹಿಡಿದು, ಮಲಗಿದ ಕೂಸನ್ನಿಡುವಂತೆ ಕೆಳಗಿಟ್ಟಳು.

“ಇಂದ್ರಾಬಾಯಾರ, ಇದರಾಗ ಸೂಜಿ ಐತ್ರಿ.”

ಎಲ್ಲರೂ ಬಗ್ಗಿ ನೋಡಿದರು. ಹಳದಿ ಪ್ಲಾಸ್ಟಿಕ್ಕಿನಿಂದ ಎಳ್ಳಿನ ಮೂತಿಯಷ್ಟು ಮೊನೆ ಹೊರಗೆ ಬಂದಿತ್ತು. ಮೂವತ್ತು ಜೋಡಿ ಎಳೆ ಕಣ್ಣಿಗೆ ಕಾಣದ್ದು ಆ ಮುದುಕಿಗೆ ಕಂಡಿತ್ತು! ಅದು ತನ್ನ ಹತ್ತಿಯುಂಡೆಯೆಂದು ಸೋಮವ್ವನಿಗೆ ಹೊಳೆಯಿತು.

“ಖರೆ ಕಸ ಆಗಿದ್ರ ಚೀಲ ಬಿಚ್ಚಿ ಕೈ ಹಾಕಾಂಗಿಲ್ಲ” ಎನ್ನುತ್ತ ಪಾಠ ಹೇಳುವ ಇಂದ್ರಾಬಾಯಿ ಚಿಮಟದಿಂದ ಹತ್ತಿಯುಂಡೆ ತೆಗೆದರು. “ಯಾರದಿದು?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋಮವ್ವ ಒಂದು ಹೆಜ್ಜೆ ಮುಂದೆ ಬಂದಳು. “ನಂದ್ರಿ. ಯಾರಿಗೂ ಚುಚ್ಚಬಾರ್ದು ಅಂತ ಹತ್ತಿಗೆ ಸಿಗಿಸಿದ್ನಿರಿ.”

ಯಾರೋ ಕಿಸಕ್ಕೆಂದರು. ರಂಜಾನಬಿ ನಗಲಿಲ್ಲ. ಗವಸು ಬಿಚ್ಚಿ, ಕೈ ತೊಳೆದು, ಹೆಬ್ಬೆರಳು ಮುಂದೆ ಹಿಡಿದಳು.

“ಹಿಂಗ ಹತ್ತ್ಯಾಗಿದ್ದ ಸೂಜೀನ ಯವ್ವಾ, ನನಗ ಚುಚ್ಚಿದ್ದು. ಏಡ್ಸ್ ಬರಬಾರ್ದಂತ ಇಪ್ಪತ್ತೆಂಟು ದಿನ ಗುಳಗಿ ನುಂಗೀನಿ. ಏನೂ ಆಗಾಂಗಿಲ್ಲ ಅಂತ ಡಾಕ್ಟರ್ ಎಷ್ಟ ಹೇಳಿದ್ರೂ ಮೊಮ್ಮಗನ್ನ ಎತ್ಕೊಳ್ಳಾಕ ಹೆದರ್ತಿದ್ನಿ.”

ಆ ಬೆರಳಿನ ಮೇಲೆ ಗಾಯದ ಗುರುತೂ ಇರಲಿಲ್ಲ. ಆದರೂ ಸೋಮವ್ವನಿಗೆ ಕಣ್ಣು ಕೀಳಲಾಗಲಿಲ್ಲ. ಅಷ್ಟಾದ ಮೇಲೂ ಆ ಕೈ ಇನ್ನೂ ಚೀಲ ಎತ್ತುತ್ತಿದೆಯಲ್ಲ ಎಂದು ಬೆರಗಾಗಿ ನಿಂತಳು.

ಇಂದ್ರಾಬಾಯಿ ನಾಳಿನ ಪಾಳಿಯ ಪಟ್ಟಿಯಲ್ಲಿ ಸೋಮವ್ವನ ಹೆಸರು ಹೊಡೆದುಹಾಕಲು ಪೆನ್ನು ತೆಗೆದರು.

“ಹೊಡೀಬ್ಯಾಡ್ರಿ” ಎಂದಳು ರಂಜಾನಬಿ. “ನಾಳಿ ಈ ಹುಡುಗೀನ್ನ ನನ್ನ ವಾರ್ಡಿಗೇ ಹಾಕ್ರಿ. ತಪ್ಪು ಒಪ್ಪಿಕೊಂಡಾಕಿ ಹಾಕಿದ ಚೀಲಾ ಹೊರಾಕ ನನಗ ಧೈರ್ಯ ಐತಿ.”

ಇಂದ್ರಾಬಾಯಿ ಪೆನ್ನು ಮುಚ್ಚಿ, ಹೊಸ ಸಿರಿಂಜೊಂದನ್ನು ಸೋಮವ್ವನ ಮುಂದಿಟ್ಟರು. ಅವಳು ಅದನ್ನು ನೆಟ್ಟಗೆ ಯಂತ್ರಕ್ಕೆ ಒಯ್ದಳು. ಕತ್ತರಿಸಿದ ಸೂಜಿ ಬಿಳಿ ಡಬ್ಬಿಗೆ ಬಿದ್ದ ಸದ್ದು ಕೇಳುವವರೆಗೂ ರಂಜಾನಬಿ ಬಾಗಿಲಲ್ಲಿ ನಿಂತಿದ್ದಳು.